ರಾತ್ರಿ ಒಂಬತ್ತಕ್ಕೆ ಸೋಲದ ನಡಿಗೆ ಗುರಿ: ಹೆಜ್ಜೆ ನೋಡುವ ಹೊತ್ತು, ಬಾಕಿ ತೀರಿಸುವ ಲೆಕ್ಕ, ರಜೆಯ ನಿಯಮ

ದಿನಕ್ಕಿಷ್ಟು ಹೆಜ್ಜೆ ಅಂತ ಗುರಿ ಇಟ್ಟುಕೊಂಡವರಲ್ಲಿ ಹೆಚ್ಚಿನವರು ಸೋಲುವುದು ರಾತ್ರಿ ಊಟದ ಹೊತ್ತಿಗೆ. ಬೆಳಿಗ್ಗೆಯಿಂದ ಎಣಿಕೆ ನೋಡಿರುವುದಿಲ್ಲ. ಒಂಬತ್ತಕ್ಕೆ ಫೋನ್ ತೆಗೆದರೆ ಐದು ಸಾವಿರದಲ್ಲಿ ಎರಡೂವರೆ ಸಾವಿರ ಬಾಕಿ. ಹೊರಗೆ ಮಳೆ, ಕರೆಂಟ್ ಇಲ್ಲ, ನಾಯಿಗಳ ಕಾಟ ಬೇರೆ. ಮೊದಲ ದಿನ ಹಾಲ್‌ನಲ್ಲೇ ಸುತ್ತು ಹಾಕುತ್ತಾರೆ. ಎರಡನೇ ದಿನ "ನಾಳೆ ಸೇರಿಸಿ ನಡೆದರಾಯ್ತು ಬಿಡು" ಅನ್ನುತ್ತಾರೆ. ಮಾರನೇ ದಿನದ ಗುರಿ ಏಳೂವರೆ ಸಾವಿರ ಆಗಿ ಕೂತಿರುತ್ತದೆ. ಅಲ್ಲಿಗೆ ಮುಗಿಯಿತು.

ತಪ್ಪು ಇರುವುದು ಮನಸ್ಸಿನ ಗಟ್ಟಿತನದಲ್ಲಲ್ಲ, ಏರ್ಪಾಟಿನಲ್ಲಿ. ಎಣಿಕೆ ನೋಡಬೇಕಾದ್ದು ನಡೆಯಲು ಇನ್ನೂ ಅವಕಾಶ ಇರುವಾಗ. ಬಾಕಿಗೆ ಒಂದು ಮಿತಿ ಬೇಕು. ರಜೆ ಯಾವತ್ತು ಅನ್ನುವುದು ಮೊದಲೇ ಗೊತ್ತಿರಬೇಕು. ಈ ಮೂರನ್ನು ಕೂರಿಸುವ ಕ್ರಮ ಕೆಳಗಿದೆ. ಹಂತಗಳನ್ನು ಹಿಂದೆಮುಂದೆ ಮಾಡಬೇಡಿ. ಎರಡನೇ ಹಂತ ಬಿಟ್ಟು ನೇರವಾಗಿ ಗುರಿ ಇಟ್ಟವರೇ ಮತ್ತೆ ಮತ್ತೆ ಕೈಬಿಡುವವರು.

## ಬೇಕಾಗುವುದು

ಹೆಜ್ಜೆ ಎಣಿಸುವ ಫೋನ್ ಅಥವಾ ಕೈಗೆ ಕಟ್ಟುವ ಬ್ಯಾಂಡ್, ಯಾವುದಾದರೂ ಒಂದು ಸಾಕು. ಎರಡೂ ಇದ್ದರೆ ಒಂದನ್ನು ಮಾತ್ರ ನಂಬಿ. ಎರಡರ ಅಂಕಿ ಯಾವತ್ತೂ ಸರಿಯಾಗಿ ಹೊಂದುವುದಿಲ್ಲ, ಸುಮ್ನೆ ತಲೆಬಿಸಿ. ಜೊತೆಗೆ ಫೋನಿನ ಅಲಾರಾಂ, ಒಂದು ಚಿಕ್ಕ ನೋಟ್‌ಬುಕ್, ಹಿಡಿತ ಸವೆಯದ ಅಡಿ ಇರುವ ಚಪ್ಪಲಿ ಅಥವಾ ಶೂ. ಚಪ್ಪಲಿಯಾದರೆ ಹಿಮ್ಮಡಿಗೆ ಪಟ್ಟಿ ಇರಲಿ. ಹವಾಯಿ ಚಪ್ಪಲಿಯಲ್ಲಿ ಒದ್ದೆ ರಸ್ತೆಯ ಮೇಲೆ ಚುರುಕಾಗಿ ನಡೆಯಲು ಆಗುವುದಿಲ್ಲ.

## ಹಂತ 1: ಎಣಿಕೆ ಸರಿ ಇದೆಯಾ ನೋಡಿ

ಫೋನನ್ನು ದಿನವೂ ಎಲ್ಲಿ ಇಟ್ಟುಕೊಳ್ಳುತ್ತೀರೋ ಅಲ್ಲೇ ಇಟ್ಟು, ಬಾಯಲ್ಲಿ ಎಣಿಸುತ್ತಾ 100 ಹೆಜ್ಜೆ ನಡೆಯಿರಿ. ಆಮೇಲೆ ಆ್ಯಪ್ ತೆರೆದು ನೋಡಿ. 95ರಿಂದ 105ರ ಒಳಗೆ ಏರಿದ್ದರೆ ಸಾಕು. 70 ಅಂತ ತೋರಿಸಿದರೆ ಫೋನ್ ಇಟ್ಟ ಜಾಗ ಬದಲಿಸಿ ಇನ್ನೊಮ್ಮೆ ಮಾಡಿ.

ಇಲ್ಲಿ ಹೆಂಗಸರಿಗೆ ಒಂದು ತೊಡಕಿದೆ. ಸೀರೆಗೆ ಜೇಬಿಲ್ಲ, ಮನೆಯಲ್ಲಿರುವಾಗ ಫೋನ್ ಫ್ರಿಜ್ಜಿನ ಮೇಲೆ ಕೂತಿರುತ್ತದೆ. ಬೆಳಿಗ್ಗೆ ಐದರಿಂದ ಓಡಾಡಿದ್ದು ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. ಸೊಂಟಕ್ಕೆ ಕಟ್ಟುವ ಚಿಕ್ಕ ಚೀಲ ಅಥವಾ ಅಗ್ಗದ ಬ್ಯಾಂಡ್ ಇದಕ್ಕೆ ಪರಿಹಾರ. ಅದು ಬೇಡ ಅಂದರೂ ತೊಂದರೆ ಇಲ್ಲ, ಆದರೆ ಒಂದೇ ಪದ್ಧತಿ ಇರಲಿ. ಇವತ್ತು ಫ್ರಿಜ್ಜಿನ ಮೇಲೆ, ನಾಳೆ ಸೊಂಟದಲ್ಲಿ ಅಂದರೆ ಎರಡು ದಿನಗಳ ಅಂಕಿಯನ್ನು ಹೋಲಿಸುವ ಹಾಗೇ ಇಲ್ಲ.

ಆಂಡ್ರಾಯ್ಡ್ ಫೋನ್ ಆದರೆ ಇನ್ನೆರಡು ಕಡೆ ಕಣ್ಣು ಹಾಯಿಸಿ. ಹೆಜ್ಜೆಯ ಆ್ಯಪ್‌ಗೆ `Physical activity` ಅನುಮತಿ ಕೊಟ್ಟಿರಬೇಕು. ಅದರ ಬ್ಯಾಟರಿ ಸೆಟ್ಟಿಂಗ್ `Unrestricted` ಇರಬೇಕು. ಕೆಲವು ಫೋನಿನಲ್ಲಿ ಹೆಸರು ಸ್ವಲ್ಪ ಬೇರೆ ಇರುತ್ತದೆ. ಬ್ಯಾಟರಿ ಉಳಿಸಲು ಫೋನ್ ಆ ಆ್ಯಪನ್ನು ಮಲಗಿಸಿಬಿಟ್ಟರೆ ಪರದೆಯ ಮೇಲೆ ಹಳೆಯ ಅಂಕಿಯೇ ನಿಂತಿರುತ್ತದೆ. ಅದನ್ನು ನಂಬಿ ಬಾಕಿ ಲೆಕ್ಕ ಹಾಕಿದರೆ ಇಲ್ಲದ ಬಾಕಿಗೆ ನಡೆಯಬೇಕಾಗುತ್ತದೆ. ಆದ್ದರಿಂದ ವಿಜೆಟ್‌ನಲ್ಲಿರುವ ಅಂಕಿ ನೋಡಬೇಡಿ, ಆ್ಯಪ್ ತೆರೆದು ನಾಲ್ಕೈದು ಸೆಕೆಂಡ್ ಕಾದು ಆಮೇಲೆ ಓದಿ.

ಸ್ಕೂಟರ್ ಓಡಿಸುವವರಿಗೆ ಇನ್ನೊಂದು ಪರೀಕ್ಷೆ. ಹೊರಡುವ ಮುಂಚೆ ಎಣಿಕೆ ನೋಡಿ, ಇಳಿದ ತಕ್ಷಣ ಮತ್ತೆ ನೋಡಿ. ಗುಂಡಿ ರಸ್ತೆಯ ಕುಲುಕಾಟವನ್ನು ಕೆಲವು ಫೋನ್, ಬ್ಯಾಂಡ್‌ಗಳು ಹೆಜ್ಜೆ ಅಂತ ಎಣಿಸಿಬಿಡುತ್ತವೆ. ಐವತ್ತು ನೂರು ಏರಿದರೆ ಬಿಟ್ಟುಬಿಡಿ. ಅದಕ್ಕಿಂತ ಜಾಸ್ತಿ ಇದ್ದರೆ ಗಾಡಿ ಓಡಿಸುವಾಗ ಫೋನ್ ಇಡುವ ಜಾಗ ಬದಲಿಸಿ ನೋಡಿ.

## ಹಂತ 2: ಒಂದು ವಾರ ಏನೂ ಬದಲಿಸದೆ ಅಳೆಯಿರಿ

ಈ ವಾರ ಜಾಸ್ತಿ ನಡೆಯಬೇಡಿ. ಇದ್ದ ಹಾಗೇ ಇರಿ. ಮಲಗುವ ಮುಂಚೆ ದಿನದ ಒಟ್ಟು ಹೆಜ್ಜೆ ಬರೆದುಕೊಳ್ಳಿ. ಜೊತೆಗೆ ಮಧ್ಯಾಹ್ನ ಊಟವಾದ ಮೇಲೆ ಎಷ್ಟು, ಸಂಜೆ ಮನೆ ಸೇರಿದಾಗ ಎಷ್ಟು, ರಾತ್ರಿ ಊಟಕ್ಕೆ ಮುಂಚೆ ಎಷ್ಟು ಅಂತಲೂ ಬರೆಯಿರಿ. ಮುಂದಿನ ಹಂತಗಳೆಲ್ಲ ನಿಂತಿರುವುದು ಈ ಅಂಕಿಗಳ ಮೇಲೆ.

ಒಂದು ಉದಾಹರಣೆ ಹಿಡಿದು ಹೋಗೋಣ. ಶಿವಮೊಗ್ಗದ ವಿನೋಬನಗರದಲ್ಲಿ ಮನೆ, ನೆಹರು ರಸ್ತೆಯ ಕಡೆ ಆಫೀಸು, ಓಡಾಟ ಸ್ಕೂಟರಿನಲ್ಲಿ, ವಯಸ್ಸು ನಲವತ್ತೆಂಟು. ಅಕ್ಕ ಅಂತಲೇ ಕರೆಯೋಣ. ಅವರ ವಾರ ಹೀಗಿತ್ತು ಅಂದುಕೊಳ್ಳಿ: ಸೋಮವಾರ 3,900, ಮಂಗಳವಾರ 4,200, ಬುಧವಾರ 3,600, ಗುರುವಾರ 4,100, ಶುಕ್ರವಾರ 3,800, ಶನಿವಾರ ಒಂದು ಮದುವೆಗೆ ಓಡಾಡಿ 6,700, ಭಾನುವಾರ 1,900.

ಸರಾಸರಿ ತೆಗೆಯಬೇಡಿ. ಮದುವೆಯ ದಿನ ಅದನ್ನು ಮೇಲಕ್ಕೆಳೆಯುತ್ತದೆ, ಭಾನುವಾರ ಕೆಳಕ್ಕೆಳೆಯುತ್ತದೆ. ಏಳು ಅಂಕಿಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ ನಡುವಿನ ನಾಲ್ಕನೆಯದನ್ನು ತೆಗೆದುಕೊಳ್ಳಿ. ಅಕ್ಕನದು 3,900. ಇದೇ ಅವರ ಮಾಮೂಲಿ ದಿನ.

## ಹಂತ 3: ಗುರಿ ಇಡಿ

ಮಾಮೂಲಿ ದಿನಕ್ಕೆ ಸಾವಿರದಷ್ಟು ಸೇರಿಸಿ, ಲೆಕ್ಕಕ್ಕೆ ಸುಲಭವಾಗುವ ಅಂಕಿಗೆ ನಿಲ್ಲಿಸಿ. ಅಕ್ಕನ ಗುರಿ 5,000. ಹತ್ತು ಸಾವಿರ ಬೇಡ್ವಾ ಅಂತ ಕೇಳುವವರಿದ್ದಾರೆ. ಈಗ ಬೇಡ. 3,900 ನಡೆಯುವವರಿಗೆ ಹತ್ತು ಸಾವಿರ ಅಂದರೆ ದಿನಕ್ಕೆ ಇನ್ನೂ ಒಂದು ಗಂಟೆ ನಡಿಗೆ. ಆ ಒಂದು ಗಂಟೆ ಅವರ ದಿನದಲ್ಲಿ ಎಲ್ಲಿದೆ ಅಂತ ತೋರಿಸಲು ಆಗದಿದ್ದರೆ ಆ ಗುರಿ ಬರೀ ಕಾಗದದ ಮೇಲಿರುತ್ತದೆ.

ಸೇರಿಸಿದ ಹೆಜ್ಜೆ ಯಾವ ಹೊತ್ತಿನಲ್ಲಿ ಬರುತ್ತದೆ ಅನ್ನುವುದನ್ನೂ ಈಗಲೇ ಬರೆದಿಡಿ. ಚುರುಕಾಗಿ ನಡೆದರೆ ಹೆಚ್ಚಿನವರಿಗೆ ನಿಮಿಷಕ್ಕೆ ಸುಮಾರು 100 ಹೆಜ್ಜೆ ಆಗುತ್ತದೆ. ಅಕ್ಕನಿಗೆ ಬೇಕಾದ 1,100 ಹೆಜ್ಜೆ ಅಂದರೆ 11 ನಿಮಿಷ. ಮಧ್ಯಾಹ್ನ ಡಬ್ಬಿ ಊಟ ಮುಗಿಸಿ 5 ನಿಮಿಷ, ಸಂಜೆ ಮನೆಗೆ ಬಂದ ಮೇಲೆ 6 ನಿಮಿಷ. ನಿಮ್ಮ ವೇಗ ಗೊತ್ತಿಲ್ಲದಿದ್ದರೆ ಹತ್ತು ನಿಮಿಷ ನಡೆದು ಎಷ್ಟು ಏರಿತು ನೋಡಿ, ಹತ್ತರಿಂದ ಭಾಗಿಸಿ. ವಯಸ್ಸಾದವರಿಗೆ 80 ಬರಬಹುದು. ಹಾಗಿದ್ದರೆ ಮುಂದಿನ ಲೆಕ್ಕದಲ್ಲೆಲ್ಲ 100ರ ಬದಲು 80 ಹಾಕಿ.

## ಹಂತ 4: ನೋಡುವ ಹೊತ್ತು ಗೊತ್ತುಮಾಡಿ

ಎಲ್ಲರೂ ಎಡವುವ ಜಾಗ ಇದು. ಐದು ಸಾವಿರವನ್ನು ಸಮನಾಗಿ ಭಾಗ ಮಾಡಿ ಬೆಳಿಗ್ಗೆ ಹತ್ತಕ್ಕೆ ಇಷ್ಟು, ಒಂದಕ್ಕೆ ಇಷ್ಟು, ನಾಲ್ಕಕ್ಕೆ ಇಷ್ಟು ಅಂತ ಅಲಾರಾಂ ಇಡುತ್ತಾರೆ. ಬೆಳಿಗ್ಗೆ ಹತ್ತಕ್ಕೆ ಅಕ್ಕ ಕೌಂಟರಿನಲ್ಲಿ ಕೂತಿರುತ್ತಾರೆ, ಎದುರಿಗೆ ಜನ ನಿಂತಿರುತ್ತಾರೆ. ಆಗ ಬಾಕಿ ಇದೆ ಅಂತ ಗೊತ್ತಾಗಿ ಮಾಡುವುದೇನು? ಅಲಾರಾಂ ನಿಲ್ಲಿಸುತ್ತಾರೆ. ನಾಲ್ಕು ದಿನ ನಿಲ್ಲಿಸಿದ ಕೈಗೆ ಅದು ಅಭ್ಯಾಸವಾಗುತ್ತದೆ. ಆಮೇಲೆ ನಡೆಯಲು ಆಗುವ ಹೊತ್ತಿನ ಅಲಾರಾಂ ಬಂದರೂ ಕೈ ಅದನ್ನು ನಿಲ್ಲಿಸಿಬಿಡುತ್ತದೆ.

ನಿಯಮ ಇಷ್ಟೇ: ಎಣಿಕೆ ನೋಡಿದ ತಕ್ಷಣ ಕಡಿಮೆ ಅಂದರೂ ಹದಿನೈದು ಇಪ್ಪತ್ತು ನಿಮಿಷ ನಡೆಯಲು ಸಾಧ್ಯವಿರುವ ಹೊತ್ತಿಗೆ ಮಾತ್ರ ಅಲಾರಾಂ. ದಿನಕ್ಕೆ ಮೂರು ಸಾಕು. ಅಕ್ಕನಿಗೆ ಅಂಥ ಹೊತ್ತು ಮಧ್ಯಾಹ್ನ 1:40, ಯಾಕೆಂದರೆ ಊಟ ಮುಗಿದು ಇನ್ನೂ ಇಪ್ಪತ್ತು ನಿಮಿಷ ಬಿಡುವಿರುತ್ತದೆ. ಎರಡನೆಯದು ಸಂಜೆ 6:00, ಮನೆ ಸೇರಿ ಕಾಫಿ ಕುಡಿದಾಗ. ಮೂರನೆಯದು ರಾತ್ರಿ 8:15. ಇದೊಂದು ಮಾತ್ರ ನಡೆಯಲು ಅಲ್ಲ, ದಿನದ ಲೆಕ್ಕ ಮುಚ್ಚಲು.

ಪ್ರತಿ ಹೊತ್ತಿಗೂ ಒಂದು ಅಂಕಿ ಬೇಕು. ಅದು ಎರಡನೇ ಹಂತದ ನೋಟ್‌ಬುಕ್‌ನಲ್ಲೇ ಇದೆ. ಮಾಮೂಲಿ ದಿನದಲ್ಲಿ ಅಕ್ಕನಿಗೆ 1:40ರ ಹೊತ್ತಿಗೆ 1,800 ಆಗಿರುತ್ತಿತ್ತು. ಅಲ್ಲಿಂದ ಆರರ ತನಕ ಇನ್ನೊಂದು ಸಾವಿರ, ಆರರಿಂದ 8:15ರ ತನಕ 700, ಆಮೇಲೆ ಪಾತ್ರೆ ತೊಳೆದು ಮಲಗುವ ತನಕ 400. ಇದಕ್ಕೆ ಹೊಸದಾಗಿ ಸೇರಿಸಿದ ನಡಿಗೆ ಕೂಡಿಸಿ. 1:40ಕ್ಕೆ ಇರಬೇಕಾದ್ದು 1,800. ಅಲ್ಲಿ 5 ನಿಮಿಷ ನಡೆದರೆ 2,300. ಮಾಮೂಲಿ ಸಾವಿರ ಸೇರಿ 6:00ಕ್ಕೆ 3,300. ಸಂಜೆ ನಡಿಗೆಯ 600, ಮನೆಕೆಲಸದ 700 ಸೇರಿ 8:15ಕ್ಕೆ 4,600. ಉಳಿದ 400 ತಾನಾಗಿ ಬರುತ್ತದೆ.

ಅಲಾರಾಂಗೆ ಹೆಸರು ಕೊಡುವ ಜಾಗದಲ್ಲಿ ಈ ಅಂಕಿಯನ್ನೇ ಬರೆಯಿರಿ. "ನಡೆಯಿರಿ!" ಅಂತ ಬರೆದರೆ ಎರಡೇ ದಿನಕ್ಕೆ ಕಿರಿಕಿರಿ. "1:40ಕ್ಕೆ 1800, 5 ನಿಮಿಷ" ಅಂತ ಇದ್ದರೆ ನೋಡಿದ ಕೂಡಲೇ ಕೆಲಸ ಗೊತ್ತಾಗುತ್ತದೆ. ವಾರದ ದಿನಗಳನ್ನು ಆರಿಸುವಲ್ಲಿ ಸೋಮವಾರದಿಂದ ಶನಿವಾರ ಮಾತ್ರ ಗುರುತು ಹಾಕಿ. ಭಾನುವಾರದ ಮಾತು ಆರನೇ ಹಂತದಲ್ಲಿ ಬರುತ್ತದೆ.

## ಹಂತ 5: ಬಾಕಿ ತೀರಿಸುವ ಲೆಕ್ಕ

ಅಲಾರಾಂ ಹೊಡೆದಾಗ ಎಣಿಕೆ ಕಡಿಮೆ ಇದ್ದರೆ ಎಷ್ಟು ನಡೆಯಬೇಕು? ನಿಯಮ ನಾಲ್ಕೇ, ಆದರೆ ನಾಲ್ಕೂ ಬೇಕು.

1. ಬಾಕಿ 300ಕ್ಕಿಂತ ಕಡಿಮೆ ಇದ್ದರೆ ಅದು ಬಾಕಿಯೇ ಅಲ್ಲ. ಫೋನಿನ ಎಣಿಕೆಯಲ್ಲೇ ಅಷ್ಟು ಹೆಚ್ಚುಕಡಿಮೆ ಇರುತ್ತದೆ. ಆ ಹೊತ್ತಿಗೆ ಗೊತ್ತಾದ ನಡಿಗೆ ಮಾತ್ರ ಮಾಡಿ.
2. ಅದಕ್ಕಿಂತ ಜಾಸ್ತಿ ಇದ್ದರೆ ನೂರರಿಂದ ಭಾಗಿಸಿ. ಬಂದದ್ದು ನಿಮಿಷ. ಅದನ್ನು ಗೊತ್ತಾದ ನಡಿಗೆಗೆ ಸೇರಿಸಿ.
3. ಒಂದು ಸಲಕ್ಕೆ ಸೇರಿಸುವುದು 15 ನಿಮಿಷಕ್ಕಿಂತ ಜಾಸ್ತಿ ಆಗಬಾರದು. ಲೆಕ್ಕ 30 ಅಂತ ಹೇಳಿದರೂ 15ಕ್ಕೇ ನಿಲ್ಲಿಸಿ.
4. 8:15ರ ಅಂಕಿ ಏನೇ ಇರಲಿ, ದಿನದ ಲೆಕ್ಕ ಅಲ್ಲಿಗೆ ಮುಚ್ಚಿತು. ಉಳಿದದ್ದು ನಾಳೆಗೆ ಹೋಗುವುದಿಲ್ಲ. ಹೆಚ್ಚಾದದ್ದೂ ನಾಳೆಗೆ ಜಮಾ ಆಗುವುದಿಲ್ಲ.

ಲೆಕ್ಕವನ್ನು ಶೀಟ್‌ನಲ್ಲಿ ಇಡುವ ಅಭ್ಯಾಸ ಇದ್ದರೆ B2ನಲ್ಲಿ ಆ ಹೊತ್ತಿಗೆ ಇರಬೇಕಾದ ಅಂಕಿ, C2ನಲ್ಲಿ ಈಗಿರುವ ಅಂಕಿ ಹಾಕಿ, D2ನಲ್ಲಿ ಇದನ್ನು ಬರೆಯಿರಿ. ಸೇರಿಸಬೇಕಾದ ನಿಮಿಷ ಸಿಗುತ್ತದೆ:

```
=IF(B2-C2<300, 0, MIN(15, ROUNDUP((B2-C2)/100, 0)))
```

ಎರಡು ದಿನ ಹೇಗೆ ನಡೆಯುತ್ತದೆ ನೋಡಿ. ಬುಧವಾರ 1:40ಕ್ಕೆ ಅಕ್ಕನ ಎಣಿಕೆ 1,100. ಇರಬೇಕಾದ್ದು 1,800. ಬಾಕಿ 700, ಅಂದರೆ 7 ನಿಮಿಷ. ಗೊತ್ತಾದ 5 ಸೇರಿ 12. ಆದರೆ ಯಾರೋ ಕರೆದರು, ಎಂಟು ನಿಮಿಷಕ್ಕೆ ವಾಪಸ್ ಬಂದರು, ಎಣಿಕೆ 1,900ಕ್ಕೆ ನಿಂತಿತು. ಅದರ ಬಗ್ಗೆ ಏನೂ ಮಾಡಬೇಕಾಗಿಲ್ಲ. ಆರಕ್ಕೆ ನೋಡಿದರೆ 2,900. ಇರಬೇಕಾದ್ದು 3,300. ಬಾಕಿ 400, ನಾಲ್ಕು ನಿಮಿಷ. ಸಂಜೆಯ 6 ಸೇರಿ 10 ನಿಮಿಷ ನಡೆದರು. 8:15ಕ್ಕೆ 4,600. ಸರಿಹೋಯಿತು.

ಗುರುವಾರ ಕೆಟ್ಟ ದಿನ. ಮಧ್ಯಾಹ್ನ ಮೀಟಿಂಗ್, ನಡಿಗೆಯೇ ಇಲ್ಲ. ಸಂಜೆ ಆರಕ್ಕೆ ಬರೀ 1,500. ಬಾಕಿ 1,800, ಲೆಕ್ಕದಂತೆ 18 ನಿಮಿಷ, ಮಿತಿಯಂತೆ 15. ಗೊತ್ತಾದ 6 ಸೇರಿ 21 ನಿಮಿಷ ನಡೆದರು. 8:15ಕ್ಕೆ 4,300, ಮಲಗುವಾಗ 4,700. ನೋಟ್‌ಬುಕ್‌ನಲ್ಲಿ 4,700 ಅಂತಲೇ ಬರೆದರು. ಶುಕ್ರವಾರದ ಗುರಿ 5,000ವೇ, 5,300 ಅಲ್ಲ.

ಮಿತಿ ಯಾಕೆ ಅಂತ ಕೇಳಬಹುದು. ಒಂದೇ ಏಟಿಗೆ ಅರ್ಧ ಮುಕ್ಕಾಲು ಗಂಟೆ ಬಾಕಿ ತೀರಿಸುವವರು ಕತ್ತಲಲ್ಲಿ, ಅವಸರದಲ್ಲಿ, ಸುಸ್ತಾದ ಕಾಲಲ್ಲಿ ನಡೆಯುತ್ತಾರೆ. ಕಾಲು ಉಳುಕುವುದು ಆಗಲೇ. ಇನ್ನೊಂದು ಕಾರಣ, ಸಂಜೆ ಎಲ್ಲವನ್ನೂ ತುಂಬಿಸಬಹುದು ಅಂತ ಗೊತ್ತಿದ್ದರೆ ಮಧ್ಯಾಹ್ನದ ಐದು ನಿಮಿಷವನ್ನು ಯಾರೂ ಮಾಡುವುದಿಲ್ಲ.

ಮೂರು ದಿನ ಸತತವಾಗಿ ಒಂದೇ ಹೊತ್ತಿನಲ್ಲಿ ಬಾಕಿ ಬರುತ್ತಿದ್ದರೆ ತಪ್ಪು ನಿಮ್ಮದಲ್ಲ, ಆ ಹೊತ್ತಿನ ಅಂಕಿಯದು. ಅಂಕಿ ಇಳಿಸಿ, ನಡಿಗೆಯನ್ನು ಬೇರೆ ಹೊತ್ತಿಗೆ ಹಾಕಿ.

## ಜೂನ್ ಬಂದಾಗ ಏನು ಬದಲಿಸಬೇಕು

ಗಾಂಧಿ ಪಾರ್ಕಿನಲ್ಲೋ ನೆಹರು ಸ್ಟೇಡಿಯಂನಲ್ಲೋ ಬೇಸಿಗೆಯಲ್ಲಿ ಸಲೀಸಾಗಿ ನಡೆದ ಏರ್ಪಾಟು ಮಳೆ ಹಿಡಿದ ಮೊದಲ ವಾರಕ್ಕೇ ಮಗುಚುತ್ತದೆ. ತೀರ್ಥಹಳ್ಳಿ, ಹೊಸನಗರದ ಕಡೆಯವರಿಗಂತೂ ಹೇಳುವುದೇ ಬೇಡ.

ಮೊದಲನೆಯದು ಕೊಡೆ. ಬ್ಯಾಂಡ್ ಕಟ್ಟಿದ ಕೈಯಲ್ಲೇ ಕೊಡೆ ಹಿಡಿದರೆ ಆ ಕೈ ಬೀಸುವುದಿಲ್ಲ. ಕೈ ಬೀಸದಿದ್ದರೆ ಬ್ಯಾಂಡ್‌ಗೆ ಹೆಜ್ಜೆ ಸರಿಯಾಗಿ ಗೊತ್ತಾಗುವುದಿಲ್ಲ. ಹತ್ತು ನಿಮಿಷ ನಡೆದು ಬಂದರೂ ಎಣಿಕೆ ಸಾವಿರಕ್ಕಿಂತ ಎಷ್ಟೋ ಕೆಳಗೆ ನಿಂತಿರುತ್ತದೆ. ಮಳೆಗಾಲ ಮುಗಿಯುವ ತನಕ ಬ್ಯಾಂಡನ್ನು ಇನ್ನೊಂದು ಕೈಗೆ ಕಟ್ಟಿ, ಅಥವಾ ಕೊಡೆಯನ್ನು ಬ್ಯಾಂಡ್ ಇಲ್ಲದ ಕೈಗೆ ಬದಲಿಸಿ. ತರಕಾರಿ ಚೀಲ ಹಿಡಿದ ಕೈಗೂ ಇದೇ ಮಾತು.

ಎರಡನೆಯದು ಒಳಗಿನ ನಡಿಗೆ. ಜಗಲಿಯಲ್ಲೋ ಆಫೀಸಿನ ಕಾರಿಡಾರಿನಲ್ಲೋ ನಡೆದರೆ ಹತ್ತು ಹದಿನೈದು ಹೆಜ್ಜೆಗೊಮ್ಮೆ ತಿರುಗಬೇಕು. ತಿರುವಿನಲ್ಲಿ ನಡಿಗೆ ನಿಧಾನವಾಗುತ್ತದೆ. ನಿಂತು ನಿಂತು ಇಡುವ ಹೆಜ್ಜೆಯನ್ನು ಬಹಳಷ್ಟು ಫೋನುಗಳು ಬಿಟ್ಟುಬಿಡುತ್ತವೆ, ಯಾಕೆಂದರೆ ಒಂದಷ್ಟು ಹೆಜ್ಜೆ ಬಿಡದೆ ಬಂದ ಮೇಲೆಯೇ ಇದು ನಡಿಗೆ ಅಂತ ಅವು ಒಪ್ಪುವುದು. ಅಡುಗೆಮನೆಯ ಓಡಾಟ ಎಣಿಕೆಗೆ ಬಾರದಿರುವುದೂ ಇದಕ್ಕೇ. ಆದ್ದರಿಂದ ಒಳಗೆ ನಡೆಯುವಾಗ ಎಣಿಕೆ ನೋಡಬೇಡಿ, ಗಡಿಯಾರ ನೋಡಿ. 12 ನಿಮಿಷ ಅಂತ ಲೆಕ್ಕ ಬಂದಿದ್ದರೆ 12 ನಿಮಿಷ ನಡೆದು ಮುಗಿಸಿ. ಫೋನ್ ಎಂಟುನೂರೇ ಅಂದರೂ ನೋಟ್‌ಬುಕ್‌ನಲ್ಲಿ 1,200 ಅಂತ ಬರೆದು ಪಕ್ಕದಲ್ಲಿ "ಒಳಗೆ" ಅಂತ ಗುರುತು ಹಾಕಿ.

ಅಂಗಳದಲ್ಲಿ ಮಾತ್ರ ಬೇಡ. ಜುಲೈ ಹೊತ್ತಿಗೆ ಸಿಮೆಂಟಿನ ಮೇಲೂ ಕಲ್ಲಿನ ಮೇಲೂ ತೆಳ್ಳಗೆ ಹಸಿರು ಪಾಚಿ ಕಟ್ಟಿರುತ್ತದೆ. ಒಣಗಿದ ಹಾಗೆ ಕಂಡರೂ ಜಾರುತ್ತದೆ. ತೋಟದ ದಾರಿಯಲ್ಲಿ ಉಂಬಳ ಹತ್ತಿದರೆ ಉಪ್ಪು ಹಚ್ಚಿ ಬಿಡಿಸಿ ಮುಂದೆ ಹೋಗುವುದು ನಮಗೆಲ್ಲ ಗೊತ್ತೇ ಇದೆ. ಆದರೆ ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆ ಆಗಿರುವವರು ಮನೆಗೆ ಬಂದ ಮೇಲೆ ಬೆರಳ ಸಂದಿ, ಪಾದದ ಅಡಿ ಕಣ್ಣಾರೆ ನೋಡಲೇಬೇಕು. ಗಾಯ ಆದದ್ದು ಅವರಿಗೆ ನೋವಿನಿಂದ ಗೊತ್ತಾಗುವುದಿಲ್ಲ.

## ಹಂತ 6: ರಜೆಯ ನಿಯಮ

ವಾರಕ್ಕೆ ಒಂದು ದಿನ ಖಾಯಂ ರಜೆ. ಅಕ್ಕನಿಗೆ ಭಾನುವಾರ. ಅವತ್ತು ಅಲಾರಾಂ ಇಲ್ಲ, ಗುರಿ ಇಲ್ಲ, ಎಣಿಕೆ ನೋಡುವುದೂ ಇಲ್ಲ. 1,900 ಆದರೂ ಸರಿ, ಒಂಬತ್ತು ಸಾವಿರ ಆದರೂ ಸರಿ. ಶನಿವಾರವೇ ಭಾನುವಾರದ ಪಾಲನ್ನೂ ನಡೆದು ಮುಗಿಸುವ ಹಾಗಿಲ್ಲ, ಸೋಮವಾರ ತುಂಬಿಕೊಡುವ ಹಾಗೂ ಇಲ್ಲ.

ಇದಲ್ಲದೆ ವಾರಕ್ಕೆ ಇನ್ನೊಂದು ರಜೆ ಕೈಯಲ್ಲಿರಲಿ. ಅದನ್ನು ಯಾವಾಗ ಬೇಕಾದರೂ ತೆಗೆದುಕೊಳ್ಳಬಹುದು, ಆದರೆ ಒಂದು ಷರತ್ತು: ಆ ದಿನದ ಮೊದಲ ಅಲಾರಾಂ ಹೊಡೆಯುವ ಮುಂಚೆಯೇ ನಿರ್ಧಾರ ಆಗಿರಬೇಕು. ಅಕ್ಕನ ಲೆಕ್ಕದಲ್ಲಿ 1:40ರ ಒಳಗೆ ನೋಟ್‌ಬುಕ್‌ನಲ್ಲಿ "ರಜೆ" ಅಂತ ಬರೆದಿರಬೇಕು. ಸಂಜೆ ಆರಕ್ಕೆ 1,500 ನೋಡಿ "ಇವತ್ತು ರಜೆ ಅಂದುಕೊಂಡರಾಯ್ತು" ಅನ್ನುವುದು ನಡೆಯುವುದಿಲ್ಲ. ಹಾಗೆ ಬಿಟ್ಟರೆ ಕಡಿಮೆ ನಡೆದ ದಿನವೆಲ್ಲ ರಜೆಯಾಗುತ್ತದೆ. ಎರಡು ವಾರ ಕಳೆದ ಮೇಲೆ ನೋಟ್‌ಬುಕ್ ನೋಡಿದರೆ ಯಾವುದು ಸೋತ ದಿನ, ಯಾವುದು ಸುಧಾರಿಸಿಕೊಂಡ ದಿನ ಅಂತ ಗೊತ್ತಾಗುವುದೇ ಇಲ್ಲ.

ಎರಡು ರಜೆಗಳನ್ನು ಬೆನ್ನುಬೆನ್ನಿಗೆ ಜೋಡಿಸಬೇಡಿ. ಊರಿಗೆ ಹೋಗುವುದು, ಮದುವೆ, ತಿಥಿ ಅಂತ ಹಾಗೆ ಆಗಿಯೇ ಹೋದರೆ ಮೂರನೇ ದಿನ ಗುರಿ 5,000 ಅಲ್ಲ, ಮಾಮೂಲಿ ದಿನದ 3,900. ನಾಲ್ಕನೇ ದಿನದಿಂದ ಮತ್ತೆ 5,000. ಜ್ವರ ಬಂದರೆ ಈ ನಿಯಮಗಳೆಲ್ಲ ಬದಿಗೆ. ಜ್ವರ ಇರುವ ತನಕ ನಡಿಗೆ ಇಲ್ಲ. ಬಿಟ್ಟ ಮೇಲೂ ಒಂದೆರಡು ದಿನ ಸುಮ್ಮನಿದ್ದು, ಮಾಮೂಲಿಯ ಅರ್ಧದಿಂದ ಶುರುಮಾಡಿ. ಅಕ್ಕನಿಗೆ ಅದು ಸುಮಾರು ಎರಡು ಸಾವಿರ.

ಬೆಟ್ಟ ಹತ್ತಿದ ದಿನಕ್ಕೆ ಪ್ರತ್ಯೇಕ ನಿಯಮ ಬೇಕು, ನಮ್ಮ ಕಡೆ ಅದು ಆಗಾಗ ಬರುತ್ತದೆ. ಕವಲೇದುರ್ಗಕ್ಕೋ ಕೊಡಚಾದ್ರಿಗೋ ಹೋಗಿ ಬಂದರೆ ಫೋನ್ ದೊಡ್ಡ ಅಂಕಿ ತೋರಿಸಿ ಶಭಾಷ್ ಅನ್ನುತ್ತದೆ. ಆದರೆ ಹೆಜ್ಜೆಯ ಎಣಿಕೆಗೆ ಏರು ಇಳಿಜಾರು ಗೊತ್ತಿಲ್ಲ. ಸಮತಟ್ಟಿನ ಒಂದು ಹೆಜ್ಜೆಯೂ ಇಳಿಜಾರಿನ ಒಂದು ಹೆಜ್ಜೆಯೂ ಅದಕ್ಕೆ ಒಂದೇ. ತೊಡೆಯ ಮುಂಭಾಗಕ್ಕೆ ಪೆಟ್ಟು ಬೀಳುವುದು ಹತ್ತುವಾಗ ಅಲ್ಲ, ಇಳಿಯುವಾಗ. ಮೈಯ ಭಾರವನ್ನು ತಡೆಹಿಡಿಯುತ್ತಲೇ ಅಲ್ಲಿನ ಸ್ನಾಯು ಉದ್ದವಾಗಬೇಕಾಗುತ್ತದೆ. ಆ ನೋವು ಅವತ್ತೇ ಕಾಣುವುದಿಲ್ಲ. ಒಂದು ದಿನ ಬಿಟ್ಟು ಜೋರಾಗಿ, ಮೂರನೇ ದಿನದ ತನಕ ಇರಬಹುದು. ಭಾನುವಾರ ಬೆಟ್ಟ ಹತ್ತಿದವರು ಸೋಮವಾರ ಪರವಾಗಿಲ್ಲ ಅಂತ ಪೂರ್ತಿ ನಡೆದು, ಮಂಗಳವಾರ ಮೆಟ್ಟಿಲು ಇಳಿಯಲಾಗದೆ ಗೋಡೆ ಹಿಡಿಯುತ್ತಾರೆ. ಆದ್ದರಿಂದ ಬೆಟ್ಟದ ಮಾರನೇ ದಿನ ಕೈಯಲ್ಲಿರುವ ರಜೆ ತೆಗೆದುಕೊಳ್ಳಿ. ಮೂರನೇ ದಿನ ಮಾಮೂಲಿ ಅಂಕಿ, ಅದೂ ಸಮತಟ್ಟಾದ ಜಾಗದಲ್ಲಿ. ಭಾನುವಾರವೇ ಖಾಯಂ ರಜೆ ಆಗಿದ್ದರೆ? ಬೆಟ್ಟ ಹತ್ತಿದ ದಿನ ರಜೆ ಅಲ್ಲ, ಸೋಮವಾರವನ್ನೇ ಆ ವಾರದ ಖಾಯಂ ರಜೆ ಮಾಡಿಕೊಳ್ಳಿ.

## ನಿಲ್ಲಿಸಬೇಕಾದ ಸೂಚನೆಗಳು

ಎರಡೂ ಕಾಲಿನಲ್ಲಿ ಒಂದೇ ಥರ, ಹರಡಿಕೊಂಡ ಹಾಗೆ, ನಡೆಯುತ್ತಾ ಹೋದಂತೆ ಸಡಿಲವಾಗುವ ನೋವು ಇದ್ದರೆ ಭಯ ಬೇಡ. ಒಂದೇ ಕಾಲಿನಲ್ಲಿ, ಬೆರಳು ಇಟ್ಟು ತೋರಿಸಬಹುದಾದ ಜಾಗದಲ್ಲಿ, ನಡೆದಷ್ಟೂ ಜಾಸ್ತಿಯಾಗುವ ನೋವು ಬೇರೆ. ಮೊಣಕಾಲಿನ ಕೆಳಗಿನ ಮೂಳೆಯಲ್ಲೋ ಪಾದದ ಮೂಳೆಯಲ್ಲೋ ಹೀಗಾದರೆ ನಡಿಗೆ ನಿಲ್ಲಿಸಿ ಮೂಳೆ ಡಾಕ್ಟರಿಗೆ ತೋರಿಸಿ. ಬೆಳಿಗ್ಗೆ ಹಾಸಿಗೆಯಿಂದ ಇಳಿದು ಇಟ್ಟ ಮೊದಲ ಹೆಜ್ಜೆಗೆ ಹಿಮ್ಮಡಿ ಚುಚ್ಚಿದರೆ ಗುರಿಯನ್ನು ಮಾಮೂಲಿಗೆ ಇಳಿಸಿ, ಮನೆಯೊಳಗೂ ಮೆತ್ತನೆಯ ಚಪ್ಪಲಿ ಹಾಕಿ. ಒಂದೇ ಮೀನಖಂಡ ಊದಿ ಬಿಸಿಯಾಗಿ ನೋಯುತ್ತಿದ್ದರೆ ಅವತ್ತೇ ತೋರಿಸಬೇಕು, ಅದು ರಕ್ತ ಹೆಪ್ಪುಗಟ್ಟಿದ್ದೂ ಇರಬಹುದು.

ನಡೆಯುವಾಗ ಎದೆ ಬಿಗಿದಂತಾಗುವುದು, ನೋವು ಕೈಗೋ ದವಡೆಗೋ ಹರಿಯುವುದು, ತಣ್ಣನೆ ಬೆವರು, ತಲೆ ಸುತ್ತು ಬಂದರೆ ಅಲ್ಲೇ ಕೂತು 108ಕ್ಕೆ ಫೋನ್ ಮಾಡಿ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಜೇಬಿನಲ್ಲಿ ಸಕ್ಕರೆಯನ್ನೋ ಗ್ಲೂಕೋಸ್ ಪುಡಿಯನ್ನೋ ಇಟ್ಟುಕೊಳ್ಳಿ. ಬಾಕಿ ತೀರಿಸುವ ಹೆಚ್ಚಿನ ನಡಿಗೆಯನ್ನು ಹಸಿದ ಹೊಟ್ಟೆಯಲ್ಲಿ ಮಾಡಬೇಡಿ. ಕೈ ನಡುಕ, ಬೆವರು, ಇದ್ದಕ್ಕಿದ್ದಂತೆ ಹಸಿವು ಕಂಡರೆ ಮೊದಲು ಸಕ್ಕರೆ ಬಾಯಿಗೆ ಹಾಕಿ, ಲೆಕ್ಕ ಆಮೇಲೆ. ಹೃದಯದ ತೊಂದರೆ ಇರುವವರು ಗುರಿಯ ಅಂಕಿಯನ್ನು ಡಾಕ್ಟರ ಹತ್ತಿರವೇ ಕೇಳಿ ಇಟ್ಟುಕೊಳ್ಳುವುದು ಒಳ್ಳೆಯದು.

## ತೋಟದ ಮನೆಯವರಿಗೆ

ಸಾಗರ, ತೀರ್ಥಹಳ್ಳಿ ಕಡೆ ಅಡಿಕೆ ತೋಟ ಇರುವವರಿಗೆ ಮೇಲಿನ ಅಂಕಿಗಳು ಹೊಂದುವುದಿಲ್ಲ. ಅಡಿಕೆ ಗೊನೆ ಕೊಯ್ಲಿನ ದಿನ ಹಗಲೆಲ್ಲ ಏರು ಇಳಿಜಾರಿನಲ್ಲಿ ಓಡಾಟ. ಸುಲಿತ ಶುರುವಾದರೆ ಸಂಜೆಯಿಂದ ಮೆಟ್ಟುಗತ್ತಿ ಮುಂದೆ ಕೂತವರು ಏಳುವುದು ರಾತ್ರಿಗೆ. ಅವರ ತೊಂದರೆ ಹೆಜ್ಜೆ ಕಡಿಮೆ ಅನ್ನುವುದಲ್ಲ, ಕೂತಲ್ಲೇ ಕೂರುವುದು. ಅಂಥವರು ಕೊಯ್ಲಿನ ವಾರದಲ್ಲಿ ಗುರಿಯನ್ನೇ ತೆಗೆದುಹಾಕಿ. ನೋಡುವ ಹೊತ್ತು ಒಂದೇ ಇರಲಿ, ಸುಲಿಯಲು ಕೂರುವ ಮುಂಚೆ. ಆಮೇಲೆ ಗಂಟೆಗೊಮ್ಮೆ ಎದ್ದು ಜಗಲಿಯಲ್ಲಿ ಮೂರು ನಿಮಿಷ ನಡೆದರೆ ಸೊಂಟಕ್ಕೂ ಮೊಣಕಾಲಿಗೂ ಅದೇ ಉಪಕಾರ. ಕೊಯ್ಲು ಮುಗಿದ ಮೇಲೆ ಎರಡನೇ ಹಂತದಿಂದ ಹೊಸದಾಗಿ ಅಳೆಯಿರಿ, ಯಾಕೆಂದರೆ ಕೊಯ್ಲಿನ ವಾರದ ಅಂಕಿ ಮಾಮೂಲಿ ದಿನದ್ದಲ್ಲ.

ಡಿಸೆಂಬರಿನಿಂದ ಮೇ ತನಕ ಬಾಕಿ ತೀರಿಸಲು ಸೊಪ್ಪಿನ ಬೆಟ್ಟದ ಕಾಲುದಾರಿ ಹಿಡಿಯಬೇಡಿ. ಮಂಗನ ಕಾಯಿಲೆ ಹರಡುವ ಉಣುಗುಗಳು ತರಗೆಲೆಯಲ್ಲಿ ಹೆಚ್ಚಾಗಿ ಇರುವ ಕಾಲ ಅದು. ಮನೆಯ ಮುಂದಿನ ಡಾಂಬರು ರಸ್ತೆಯಲ್ಲೇ ಹಿಂದೆ ಮುಂದೆ ನಡೆಯಿರಿ.

## ಹಂತ 7: ಗುರಿ ಏರಿಸುವುದು ಯಾವಾಗ

ಎರಡು ವಾರ ಆದ ಮೇಲೆ ನೋಟ್‌ಬುಕ್ ತೆಗೆದು ಎರಡೇ ವಿಷಯ ಎಣಿಸಿ. ಒಂದು, 8:15ರ ಅಂಕಿಯನ್ನು ಮುಟ್ಟಿದ ದಿನಗಳು ಎಷ್ಟು. 300ರ ಒಳಗಿನ ಕೊರತೆಯನ್ನು ಮುಟ್ಟಿದ್ದು ಅಂತಲೇ ಹಿಡಿಯಿರಿ. ಇನ್ನೊಂದು, ಬಾಕಿ ತೀರಿಸಲು ಹೆಚ್ಚು ನಡೆಯಬೇಕಾಗಿ ಬಂದದ್ದು ಎಷ್ಟು ಸಲ. ರಜೆ ಬಿಟ್ಟು ವಾರಕ್ಕೆ ಒಂದು ದಿನ ಮಾತ್ರ ತಪ್ಪಿದ್ದು, ಬಾಕಿ ನಡಿಗೆ ವಾರಕ್ಕೆ ಎರಡು ಸಲಕ್ಕಿಂತ ಜಾಸ್ತಿ ಇಲ್ಲದಿದ್ದರೆ 500 ಏರಿಸಿ. ಮುಟ್ಟಿದ ದಿನ ಬಹಳ ಇದ್ದರೂ ದಿನಾ ಬಾಕಿ ನಡಿಗೆಯಿಂದಲೇ ಮುಟ್ಟುತ್ತಿದ್ದರೆ ಏರಿಸಬೇಡಿ. ಗೊತ್ತಾದ ನಡಿಗೆ ಇನ್ನೂ ದಿನದಲ್ಲಿ ಕೂತಿಲ್ಲ ಅಂತ ಅರ್ಥ, ಅದರ ಹೊತ್ತು ಬದಲಿಸಿ ನೋಡಿ.

ಏರಿಸುವಾಗ ಆ 500 ಹೆಜ್ಜೆಯನ್ನು ಒಂದೇ ಹೊತ್ತಿಗೆ ಸೇರಿಸಿ, ಮೂರಕ್ಕೂ ಹಂಚಬೇಡಿ. ಅಕ್ಕ ಸಂಜೆಯ 6 ನಿಮಿಷವನ್ನು 11 ಮಾಡಿಕೊಂಡರು ಅನ್ನಿ. ಆಗ 1:40ರ 1,800 ಹಾಗೇ ಇರುತ್ತದೆ, 6:00ರ 3,300 ಹಾಗೇ ಇರುತ್ತದೆ, 8:15ರದು ಮಾತ್ರ 5,100 ಆಗುತ್ತದೆ. ಅಲಾರಾಂನ ಹೆಸರುಗಳಲ್ಲೂ ಅದನ್ನು ಅವತ್ತೇ ತಿದ್ದಿ: 6:00ರದರಲ್ಲಿ 11 ನಿಮಿಷ, 8:15ರದರಲ್ಲಿ 5100.